ಜೀನ್ಸ್ ಗಿಡ್ಡ ಮಾಡಿದೆ, ಹಳೇ ಅಂಚು ಹಾಗೇ ಉಳಿಸಿಕೊಂಡೆ

ಮಗನ ಹೊಸ ಜೀನ್ಸ್ ಸೊಂಟಕ್ಕೆ ಸರಿ ಇತ್ತು. ಉದ್ದ ಮಾತ್ರ ಎರಡು ಇಂಚು ಜಾಸ್ತಿ. ಹಿಂದಿನ ಸಲ ಆಲ್ಟರೇಷನ್‌ಗೆ ಕೊಟ್ಟಾಗ ಕೆಳಗೆ ಕತ್ತರಿಸಿ, ಹೊಸದಾಗಿ ಮಡಚಿ ಹೊಲಿದುಕೊಟ್ಟಿದ್ದರು. ಹೊಲಿಗೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಂಪನಿ ಅಂಚಿನ ದಪ್ಪ ಕಿತ್ತಳೆ ದಾರ, ಅಲ್ಲಲ್ಲಿ ಬಿಳಚಿಕೊಂಡ ಸುಕ್ಕು ಎಲ್ಲಾ ಕತ್ತರಿ ಪಾಲಾಗಿತ್ತು. "ಅಮ್ಮ, ಇದು ಯೂನಿಫಾರ್ಮ್ ಪ್ಯಾಂಟ್ ಥರ ಕಾಣ್ತಿದೆ" ಅಂತ ಅವನು ಅದನ್ನು ಹಾಕಲೇ ಇಲ್ಲ. ಹಾಗಾಗಿ ಈ ಸಲ ನಾನೇ ಕೂತೆ.

ಮೊದಲು ಪ್ಯಾಂಟನ್ನು ಒಗೆದು ಒಣಗಿಸಿದೆ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಬಹುದು. ಆಮೇಲೆ ಅವನಿಗೆ ದಿನಾ ಹಾಕುವ ಶೂ ಹಾಕಿಸಿ, ನೇರ ನಿಲ್ಲಿಸಿ, ಎಷ್ಟು ಮೇಲೆ ಬರಬೇಕು ಅಂತ ಪಿನ್ ಚುಚ್ಚಿದೆ. ಸರಿಯಾಗಿ ಎರಡು ಇಂಚು.

ಉಪಾಯ ಇಷ್ಟೇ: ಅಂಚನ್ನು ಕತ್ತರಿಸುವುದಿಲ್ಲ, ಅದರ ಮೇಲಿನ ಬಟ್ಟೆಯನ್ನು ಮಡಿಕೆಯಾಗಿ ಒಳಗೆ ತಳ್ಳುತ್ತೇವೆ. ಮಡಿಕೆ ಅಂದರೆ ಎರಡು ಪದರ. ಆದ್ದರಿಂದ ಎರಡು ಇಂಚು ಗಿಡ್ಡ ಆಗಬೇಕಾದರೆ ಮಡಿಕೆ ಒಂದೇ ಇಂಚು ಇರಬೇಕು. ಕಾಲಿನ ತುದಿಯನ್ನು ಹೊರಗಡೆಗೆ, ಮೇಲಕ್ಕೆ ಮಡಚಿದೆ. ಈಗ ಅಂಚಿನ ಒಳಮುಖ ನಮಗೆ ಕಾಣುತ್ತದೆ. ಕೆಳಗಿನ ಮಡಿಕೆಯಿಂದ ಟೇಪು ಹಿಡಿದು ಒಂದು ಇಂಚು ಅಳೆದು ಪಿನ್ ಹಾಕಿದೆ.

ಇಲ್ಲೇ ಎಡವಿದ್ದು. ನಾನು ಅಂಚಿನ ತುತ್ತತುದಿಯವರೆಗೆ ಅಳೆದಿದ್ದೆ. ಅಂಚೇ ಅರ್ಧ ಇಂಚು ಅಗಲ ಇದೆಯಲ್ಲ, ಅದೂ ಲೆಕ್ಕಕ್ಕೆ ಸೇರಿಬಿಟ್ಟಿತು. ನಿಜವಾದ ಮಡಿಕೆ ಅರ್ಧ ಇಂಚಾಗಿ, ಪ್ಯಾಂಟು ಬರೀ ಒಂದು ಇಂಚು ಗಿಡ್ಡ ಆಯಿತು. ಅಳೆಯಬೇಕಾದ್ದು ಕೆಳಗಿನ ಮಡಿಕೆಯಿಂದ ಅಂಚಿನ ಪಟ್ಟಿ ಶುರುವಾಗುವ ಜಾಗದವರೆಗೆ ಮಾತ್ರ. ಪುಣ್ಯಕ್ಕೆ ಕಚ್ಚಾ ಹೊಲಿಗೆ ಹಾಕಿ ನೋಡಿದ್ದೆ, ಬಿಚ್ಚುವುದು ಎರಡು ನಿಮಿಷದ ಕೆಲಸ. ಮತ್ತೆ ಸರಿಯಾಗಿ ಅಳೆದು, ಪಕ್ಕದ ಹೊಲಿಗೆಗಳು ಒಂದರ ಮೇಲೊಂದು ಕೂರುವ ಹಾಗೆ ಸುತ್ತಲೂ ಪಿನ್ ಹಾಕಿದೆ. ಕಾಲು ಕೆಳಗೆ ಕಿರಿದಾಗುತ್ತಾ ಹೋಗುವ ಪ್ಯಾಂಟಿನಲ್ಲಿ ಅಂಚಿನ ಸುತ್ತಳತೆಗಿಂತ ಮೇಲಿನ ಬಟ್ಟೆ ಸ್ವಲ್ಪ ಜಾಸ್ತಿ ಬರುತ್ತದೆ. ನನಗೆ ಬಂದದ್ದು ಕಾಲು ಇಂಚಿನಷ್ಟು, ಅದನ್ನು ಸುತ್ತಲೂ ಹಂಚಿಬಿಟ್ಟೆ. ತುಂಬಾ ವ್ಯತ್ಯಾಸ ಇದ್ದರೆ ಹೀಗೆ ಹಂಚಿದರೆ ನೆರಿಗೆ ಬೀಳುತ್ತದೆ. ಆಗ ಪಕ್ಕದ ಹೊಲಿಗೆಯನ್ನೇ ಸ್ವಲ್ಪ ಒಳಗೆ ಹಿಡಿಯಬೇಕು.

ಹೊಲಿಯುವಾಗ 16ನೇ ನಂಬರ್ ಸೂಜಿ, ಬಟ್ಟೆಗೆ ಹೊಂದುವ ಕಡುನೀಲಿ ದಾರ. ಕಿತ್ತಳೆ ದಾರ ಹಾಕಿದರೆ ಗುಟ್ಟು ರಟ್ಟು! ಜಿಪ್ ಹೊಲಿಯುವ ಫುಟ್ ಹಾಕಿ, ಸೂಜಿ ಅಂಚಿನ ಪಟ್ಟಿಗೆ ತಾಗಿಯೂ ತಾಗದ ಹಾಗೆ, ಪಕ್ಕದಲ್ಲೇ ಓಡಿಸಿದೆ. ಸೂಜಿ ಪಟ್ಟಿಯ ಮೇಲೆ ಹತ್ತಿದರೆ ಅಂಚು ಎಳೆದುಕೊಂಡು ವಕ್ರ ಆಗುತ್ತದೆ. ದೂರ ಸರಿದರೆ ಅಂಚಿಗೂ ಹೊಲಿಗೆಗೂ ನಡುವೆ ಒಂದು ನೀಲಿ ಪಟ್ಟಿ ಇಣುಕಿ, ಜೋಡಿಸಿದ್ದು ಗೊತ್ತಾಗುತ್ತದೆ. ಒಳಗಾಲಿನ ದಪ್ಪ ಹೊಲಿಗೆ ಬರುವ ಜಾಗವನ್ನು ಮೊದಲೇ ಸುತ್ತಿಗೆಯಿಂದ ಮೆತ್ತಗೆ ಕುಟ್ಟಿ ಚಪ್ಪಟೆ ಮಾಡಿಕೊಂಡಿದ್ದೆ. ಅಲ್ಲಿ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಅವಸರ ಮಾಡಿದರೆ ಸೂಜಿ ಮುರಿಯೋದು ಅಲ್ಲೇ.

ಅಂಚನ್ನು ಕೆಳಗೆ ತಿರುಗಿಸಿದಾಗ ಹೊಲಿಗೆ ಕಿತ್ತಳೆ ದಾರದ ಸ್ವಲ್ಪ ಮೇಲೆ, ಸಂದಿಯಲ್ಲಿ ಕೂತಿತ್ತು. ಹತ್ತಿರ ಬಗ್ಗಿ ನೋಡಿದರೆ ಗೆರೆ ಕಾಣುತ್ತದೆ, ನಿಂತು ನೋಡಿದರೆ ಇಲ್ಲ. ಒಳಗಿನ ಮಡಿಕೆಯನ್ನು ಮೇಲಕ್ಕೆ ಮಾಡಿ ಹಬೆ ಇಸ್ತ್ರಿ ಒತ್ತಿದೆ. ಅಷ್ಟೇ ಬಿಟ್ಟರೆ ಒಗೆದ ಮೇಲೆ ಅದು ಕೆಳಗೆ ಜೋತುಬಿದ್ದು ಅಂಚಿನಿಂದ ಇಣುಕುತ್ತದೆ. ಅದಕ್ಕೇ ಎರಡೂ ಪಕ್ಕದ ಹೊಲಿಗೆಯ ಹತ್ತಿರ ಕೈಯಲ್ಲಿ ನಾಲ್ಕೈದು ಟಾಕಿ ಹಾಕಿದೆ. ಸೂಜಿಯನ್ನು ಒಳಗಿನ ಹೊಲಿಗೆಯ ಅಂಚಿಗೆ ಮಾತ್ರ ಚುಚ್ಚಿದೆ, ಹೊರಗಿನ ಬಟ್ಟೆಗೆ ತಾಗಿಸಲಿಲ್ಲ.

ಮಡಿಕೆಯನ್ನು ಕತ್ತರಿಸಲಿಲ್ಲ. ಹುಡುಗ ಇನ್ನೂ ಬೆಳೆಯುತ್ತಿದ್ದಾನೆ, ಬೇಕಾದಾಗ ಬಿಚ್ಚಬಹುದು. ಆದರೆ ತುಂಬಾ ದಿನ ಬಿಟ್ಟು ಬಿಚ್ಚಿದರೆ ಒಳಗಿದ್ದ ಬಟ್ಟೆ ಕಡುನೀಲಿಯಾಗೇ ಉಳಿದು, ಪಟ್ಟೆ ಬಳಿದ ಹಾಗೆ ಕಾಣುತ್ತದೆ. ಆಗ ಅವನು ಇನ್ನೇನು ಹೆಸರಿಡುತ್ತಾನೋ!