ಎಣಿಮರಿ ಸುತ್ತಿನಲ್ಲಿ ಸಿಕ್ಕಿಕೊಂಡ ಕಥೆ ಬರೆದದ್ದು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಕನ್ನಡದ ಮಕ್ಕಳು ಸೇರುತ್ತಾರೆ. ಮನೆಯಲ್ಲಿ ಕನ್ನಡವೋ ತುಳುವೋ, ಕೆಳಗೆ ಆಡುವಾಗ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಅವರಿಗಾಗಿ ನಾನು ಒಂದು ಕಥೆ ಬರೆದೆ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಪ್ರೋಗ್ರಾಂನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಅಂದರೇನು ಎಂದು ಎಂಟು ವರ್ಷದ ಮಕ್ಕಳಿಗೆ ಹೇಳುವುದೇನು ಮಹಾ ಎಂದುಕೊಂಡಿದ್ದೆ. ಮೂರು ಸಲ ಬರೆಯಬೇಕಾಯಿತು.

ಕಥೆಯ ನಾಯಕ ಎಣಿಮರಿ, ಎಣಿಸುವುದೊಂದೇ ಗೊತ್ತಿರುವ ಪುಟಾಣಿ ಪ್ರೋಗ್ರಾಂ. ಸ್ಟೇಷನ್ನಿಗೆ ಬರುವ ಲೋಕಲ್‌ನ ಡಬ್ಬಾಗಳನ್ನು ಎಣಿಸಿ ಕೂಗುವುದು ಅದರ ಕೆಲಸ. ಮೊದಲ ಸಲ ಬರೆದಾಗ ಒಬ್ಬ ರಾಕ್ಷಸ ಬಂದು ಎಣಿಮರಿಯನ್ನು ಲೂಪ್ ಎಂಬ ಹಗ್ಗದಲ್ಲಿ ಕಟ್ಟಿಹಾಕುತ್ತಿದ್ದ, ಗೆಳತಿಯೊಬ್ಬಳು ಹಗ್ಗ ಕತ್ತರಿಸಿ ಬಿಡಿಸುತ್ತಿದ್ದಳು. ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದರು. ಕೊನೆಗೆ "ಲೂಪ್ ಅಂದ್ರೇನು?" ಅಂದೆ. "ಬೋನು, ಆಂಟಿ" ಎಂದಳು ಒಬ್ಬಳು. ಉಳಿದವರೂ ಹೌದೆಂದು ತಲೆಯಾಡಿಸಿದರು.

ತಪ್ಪು ನನ್ನದೇ. ದಿನವೂ ನಾವು ಬಳಸುವ ಪ್ರತಿ ಪ್ರೋಗ್ರಾಂನಲ್ಲೂ ಲೂಪ್ ಇದೆ, ಯಾವುದೂ ಬೋನಿನಲ್ಲಿಲ್ಲ. ಎಣಿಮರಿಯನ್ನು ಸಿಕ್ಕಿಸುವುದು ಲೂಪ್ ಅಲ್ಲ, ಲೂಪಿನೊಳಗೆ ಬಿಟ್ಟುಹೋದ ಒಂದು ಸಾಲು. ಹಾಗಾದರೆ ಲೂಪ್ ಎಷ್ಟು ಒಳ್ಳೆಯದು ಎಂಬುದನ್ನು ಕಥೆ ಮೊದಲು ತೋರಿಸಬೇಕಿತ್ತು.

ರಾಕ್ಷಸನನ್ನು ಓಡಿಸಿದೆ. ಹೊಸ ಕಥೆಯ ಆರಂಭದಲ್ಲಿ ಎಣಿಮರಿಯ ಬಳಿ ಉದ್ದನೆಯ ಪಟ್ಟಿ: ಒಂದು ಅನ್ನು, ಎರಡು ಅನ್ನು, ಹೀಗೆ 12 ಸಾಲು. 12 ಡಬ್ಬಾದ ಗಾಡಿ ಬಂದರೆ ಸರಿ. ಒಂದು ದಿನ 15 ಡಬ್ಬಾದ್ದು ಬರುತ್ತದೆ. ಹನ್ನೆರಡಕ್ಕೆ ಪಟ್ಟಿ ಮುಗಿಯಿತು, ಎಣಿಮರಿ ಬಾಯಿ ಮುಚ್ಚಿತು, ಹಿಂದಿನ ಮೂರು ಡಬ್ಬಾ ಲೆಕ್ಕಕ್ಕೇ ಬರಲಿಲ್ಲ. ಆಗ ಅದನ್ನು ಬರೆದ ಹುಡುಗಿ ಪಟ್ಟಿ ಹರಿದುಹಾಕಿ ಒಂದು ಚೀಟಿ ಕೊಡುತ್ತಾಳೆ. ಚೀಟಿಯಲ್ಲಿ ಇರುವುದು ಒಂದೇ ಅಂಕಿ. ಗಾಡಿಯ ಡಬ್ಬಾಗಳಿಗಿಂತ ಅದು ಹೆಚ್ಚಾಯಿತೇ ನೋಡು, ಆಗಿದ್ದರೆ ನಿಲ್ಲು, ಇಲ್ಲದಿದ್ದರೆ ಅದನ್ನು ಕೂಗು, ಆಮೇಲೆ ಅದಕ್ಕೆ ಒಂದು ಕೂಡಿಸಿ ಬರೆ, ಮತ್ತೆ ಮೊದಲಿಗೆ ಹೋಗು. ಈಗ 12 ಆದರೂ 15 ಆದರೂ ಡಬ್ಬಾಗಳ ಸಂಖ್ಯೆಯೊಂದನ್ನು ಬದಲಿಸಿದರೆ ಸಾಕು.

ಲೂಪಿಗೆ ಕನ್ನಡದಲ್ಲಿ ಏನನ್ನುವುದು ಎಂಬ ಪ್ರಶ್ನೆಯೂ ಬಂತು. ಒಬ್ಬ ಹುಡುಗನ ಅಪ್ಪ "ಕುಣಿಕೆ" ಎಂದು ಸೂಚಿಸಿದರು. ಅದು ಮತ್ತೆ ಹಗ್ಗಕ್ಕೇ, ಅಷ್ಟೇ ಅಲ್ಲ, ಕೊರಳಿಗೇ ಹೋಗುತ್ತದೆ. ನಾನು "ಸುತ್ತು" ಅಂದೆ, ಯಾಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಅಜ್ಜಿಯ ಪ್ರದಕ್ಷಿಣೆ. ಅಜ್ಜಿ ತುಳಸಿಕಟ್ಟೆಗೆ ಸುತ್ತು ಬರುವಾಗ ಕೈಯಲ್ಲಿ ಲೆಕ್ಕದ ಹೂ ಹಿಡಿಯುತ್ತಿದ್ದರು. ಪ್ರತಿ ಸುತ್ತಿಗೆ ಒಂದು ಹೂ ಕಟ್ಟೆಯ ಮೇಲೆ. ಕೈ ಖಾಲಿಯಾದರೆ ಮುಗಿಯಿತು. ನಡುವೆ ಯಾರು ಮಾತಾಡಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ, ಲೆಕ್ಕ ಅವರ ತಲೆಯಲ್ಲಿ ಇರಲೇ ಇಲ್ಲವಲ್ಲ, ಕೈಯಲ್ಲಿತ್ತು.

ಇದನ್ನೇ ಮಕ್ಕಳಿಂದ ಮಾಡಿಸಿದೆ. ನಡುವೆ ಒಂದು ಕುರ್ಚಿ, ಮೇಲೊಂದು ಬಟ್ಟಲು, ಕೈಯಲ್ಲಿ ಐದು ಹುಣಸೆಬೀಜ. ಪ್ರತಿ ಸುತ್ತಿನ ಮೊದಲು ಕೈ ಬಿಚ್ಚಿ ನೋಡಬೇಕು. ಬೀಜ ಇದ್ದರೆ ಒಂದು ಸುತ್ತು ಬಂದು ಒಂದನ್ನು ಬಟ್ಟಲಿಗೆ ಹಾಕಬೇಕು, ಇಲ್ಲದಿದ್ದರೆ ಕೂರಬೇಕು. ಮೂವರು ಸರಿಯಾಗಿ ಮಾಡಿದರು. ನಾಲ್ಕನೆಯವನ ಕಿವಿಯಲ್ಲಿ "ಬೀಜ ಹಾಕಬೇಡ" ಎಂದು ಉಸುರಿದೆ. ಅವನು ಸುತ್ತಿಯೇ ಸುತ್ತಿದ. ಉಳಿದವರು ಮೊದಲು ಅವನ ಕಾಲು ನೋಡಿದರು, ನಡಿಗೆಯಲ್ಲಿ ಏನೂ ತಪ್ಪಿರಲಿಲ್ಲ. ಆಮೇಲೆ ಒಬ್ಬಳು ಕೂಗಿದಳು: "ಕೈ ನೋಡ್ರೋ, ಇನ್ನೂ ಐದೇ ಇದೆ!" ಕಚೇರಿಯಲ್ಲಿ ನಾವು ಮಾಡುವುದೂ ಇದನ್ನೇ. ಪ್ರೋಗ್ರಾಂ ನಿಲ್ಲದಿದ್ದರೆ, ಯಾವ ಬೆಲೆ ಬದಲಾದರೆ ಅದು ನಿಲ್ಲಬೇಕೋ ಆ ಬೆಲೆ ನಿಜಕ್ಕೂ ಬದಲಾಗುತ್ತಿದೆಯೇ ಎಂದು ನೋಡುವುದು.

ಎಣಿಮರಿ ಸಿಕ್ಕಿಕೊಳ್ಳುವ ಪುಟಕ್ಕೆ ಈಗ ಕಾರಣ ಸಿಕ್ಕಿತು: ಹುಡುಗಿ ಅವಸರದಲ್ಲಿ ಒಂದು ಸಾಲು ಬಿಟ್ಟಳು. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಅದು ಹೀಗೆ, n ಅಂದರೆ ಚೀಟಿಯ ಅಂಕಿ, print ಅಂದರೆ ಕೂಗು.

```python
n = 1
while n <= 12:
    print(n)
```

ಚೀಟಿಗೆ ಒಂದು ಕೂಡಿಸುವವರೇ ಇಲ್ಲ. ಎಣಿಮರಿ ಚೀಟಿ ನೋಡುತ್ತದೆ, ಒಂದು. 12 ದಾಟಿಲ್ಲ. "ಒಂದು" ಎನ್ನುತ್ತದೆ. ಮತ್ತೆ ನೋಡುತ್ತದೆ, ಒಂದು. ಮೊದಲು ಇಲ್ಲಿ "ಎಣಿಮರಿಗೆ ಬೇಸರವಾಯಿತು, ಅಳು ಬಂತು" ಎಂದು ಬರೆದಿದ್ದೆ. ತೆಗೆದುಹಾಕಿದೆ. ಸಿಕ್ಕಿಕೊಂಡಿದ್ದೇನೆಂದು ಅದಕ್ಕೆ ಗೊತ್ತಾಗುವುದೇ ಇಲ್ಲ. ಪ್ರತಿ ಸಲವೂ ಅದು ಹೊಸದಾಗಿ, ಉತ್ಸಾಹದಿಂದ, ಸರಿಯಾಗಿಯೇ ಮಾಡುತ್ತಿದೆ. ಓದುವಾಗ ನಗು ಬರುವುದೂ ಅಲ್ಲಿಯೇ.

ಆ ಪುಟದಲ್ಲಿ "ಒಂದು" ಎಂಬುದನ್ನು ಎಷ್ಟು ಸಲ ಅಚ್ಚು ಹಾಕುವುದು? ಅಂದಾಜಿಗೆ ಮೂರು ಸಾಲು, ಸಾಲಿಗೆ ನಾಲ್ಕು ಹಾಕಿದ್ದೆ. ಒಬ್ಬ ಬೆರಳಿಟ್ಟು ಎಣಿಸಿದ: "12 ಸಲ ಹೇಳಿ ನಿಂತಿತು ಆಂಟಿ, ಸರಿಯಾಗೇ ಇದೆ." ಕಾಗದಕ್ಕೆ ಕೊನೆ ಇರುತ್ತದೆ, ಕೆಟ್ಟ ಲೂಪಿಗೆ ಇರುವುದಿಲ್ಲ. ಹಾಗಾಗಿ ಮುಂದಿನ ಪ್ರತಿಯಲ್ಲಿ ಕೊನೆಯ "ಒಂದು" ಪುಟದಂಚಿನಲ್ಲಿ ಅರ್ಧ ಕತ್ತರಿಸಿದ ಹಾಗೆ ಕಾಣುತ್ತದೆ. ಮುಂದಿನ ಪುಟಗಳಲ್ಲಿ ಕಥೆ ಬೇರೆ ಕಡೆ ಹೋದರೂ, ಜನ ಗಾಡಿ ಹತ್ತಿ ಇಳಿದರೂ, ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಒಂದು ಒಂದು ಓಡುತ್ತಲೇ ಇರುತ್ತದೆ. ಮಕ್ಕಳಿಗೆ ಈ ಕಥೆಯಲ್ಲಿ ಅತಿ ಇಷ್ಟವಾದದ್ದು ಇದೇ. ನಾನು ಮೇಲಿನದನ್ನು ಓದುತ್ತಿದ್ದರೆ ಅವರು ಕೆಳಗಿನದನ್ನು ಮೆಲ್ಲಗೆ ಜಪಿಸುತ್ತಾರೆ.

ಹುಡುಗಿ Ctrl ಮತ್ತು C ಒಟ್ಟಿಗೆ ಒತ್ತಿದಾಗ ಜಪ ನಿಲ್ಲುತ್ತದೆ. ಆದರೆ ನಿಲ್ಲಿಸಿದ್ದೇ ದುರಸ್ತಿಯಲ್ಲ. ಅವಳು ಹಾಗೆಯೇ ಮತ್ತೆ ಓಡಿಸುತ್ತಾಳೆ, ಮತ್ತೆ ಒಂದು ಒಂದು. ಆಮೇಲೆ ಚೀಟಿ ನೋಡುತ್ತಾಳೆ, ಸಾಲು ಸೇರಿಸುತ್ತಾಳೆ.

```python
n = 1
while n <= 12:
    print(n)
    n = n + 1
```

ಪುಟ ಜೋಡಿಸಿಕೊಟ್ಟ ಗೆಳತಿಗೆ ಕೊನೆಯ ಸಾಲು ಮೊದಲ ಸಾಲಿನ ನೇರಕ್ಕಿದ್ದರೆ ಚೆಂದ ಅನ್ನಿಸಿ, ಎಡಕ್ಕೆ ಸರಿಸಿಬಿಟ್ಟಿದ್ದಳು. ನನ್ನ ಕಣ್ಣಿಗೂ ಬೀಳಲಿಲ್ಲ. ಇದ್ದ ಹಾಗೇ ಟೈಪ್ ಮಾಡಿದ ಮಕ್ಕಳ ಪರದೆಯ ತುಂಬ ಮತ್ತೆ ಒಂದರ ಸಾಲು. ಆ ಎಡಗಡೆಯ ಜಾಗವೇ ಪೈಥಾನ್‌ಗೆ ಯಾವುದು ಸುತ್ತಿನ ಒಳಗೆ, ಯಾವುದು ಹೊರಗೆ ಎಂದು ಹೇಳುವುದು. ಸಾಲು ಹೊರಗೆ ಬಿದ್ದರೆ ಎಲ್ಲ ಸುತ್ತೂ ಮುಗಿದ ಮೇಲೆ ಬೀಜ ಹಾಕುತ್ತೇನೆ ಅಂದ ಹಾಗೆ. ಸುತ್ತು ಮುಗಿಯುವುದೂ ಇಲ್ಲ, ಬೀಜ ಬೀಳುವುದೂ ಇಲ್ಲ.

ಕೊನೆಯ ಪುಟದ ಚಿತ್ರದಲ್ಲಿ 12 ಡಬ್ಬಾದ ಗಾಡಿ ಹೊರಟಿದೆ, ಎಣಿಮರಿಯ ಕೈಯ ಚೀಟಿಯಲ್ಲಿ 13 ಎಂದಿದೆ. ಬೇಕೆಂದೇ ಹಾಗೆ ಬಿಡಿಸಿದ್ದೆ. ನಿರೀಕ್ಷಿಸಿದಂತೆ ಒಬ್ಬ ಹಿಡಿದ: "ಹದಿಮೂರನೇ ಡಬ್ಬಾ ಎಲ್ಲಿದೆ ಆಂಟಿ? ತಪ್ಪು ಬರೆದಿದ್ದೀರಿ." ನಾನು ಬಾಯಿ ತೆರೆಯುವ ಮೊದಲೇ, ಅಂದು ಕೈ ನೋಡ್ರೋ ಎಂದು ಕೂಗಿದ್ದವಳು ಬಟ್ಟಲು ಎತ್ತಿಕೊಂಡು ಬಂದಳು. "ಕೊನೇ ಬೀಜ ಹಾಕಿದ ಮೇಲೇ ಅಲ್ವೇನೋ ಕೈ ಖಾಲಿ ಆಗೋದು? ಖಾಲಿ ಕೈಗೆ ನೀನು ಸುತ್ತು ಬಂದ್ಯಾ?"

ಅವನು ಬಟ್ಟಲಿನಿಂದ ಐದು ಬೀಜ ತೆಗೆದುಕೊಂಡು, ಖಾತ್ರಿ ಮಾಡಿಕೊಳ್ಳಲು, ಕುರ್ಚಿ ಸುತ್ತತೊಡಗಿದ.