ಮೂರು ವೃತ್ತದ ಲೆಕ್ಕ ನಾನು ನಡುವಿನಿಂದಲೇ ಶುರು ಮಾಡುತ್ತೇನೆ

ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಗಣಗಳ ಪಾಠದಲ್ಲಿ ಒಂದೊಂದು ಗುಂಪಿಗೆ ಒಂದೊಂದು ವೃತ್ತ, ಒಂದರ ಮೇಲೊಂದು ಸ್ವಲ್ಪ ಬೀಳುವ ಹಾಗೆ ಬರೆಯುತ್ತೇವೆ. ವೃತ್ತ ಎರಡೇ ಇದ್ದರೆ ಯಾರಿಗೂ ಕಷ್ಟವಿಲ್ಲ. ಮೂರನೆಯದು ಬಂದರೆ ಒಳಗೆ ಏಳು ಮನೆ ಆಗುತ್ತವೆ, ಹೊರಗೆ ಎಂಟನೆಯದು. ಯಾವ ಸಂಖ್ಯೆ ಯಾವ ಮನೆಗೆ ಅನ್ನುವಲ್ಲೇ ಮಕ್ಕಳು ಎಡವುತ್ತಾರೆ.

ನಾನು ಜಾಸ್ತಿ ಬಳಸುವ ಲೆಕ್ಕ ಇದು. ಒಂದು ಕಾಲೇಜಿನಲ್ಲಿ 80 ವಿದ್ಯಾರ್ಥಿಗಳು. ಐಚ್ಛಿಕ ವಿಷಯವಾಗಿ ಸಂಖ್ಯಾಶಾಸ್ತ್ರ ತೆಗೆದುಕೊಂಡವರು 40, ಕಂಪ್ಯೂಟರ್ 45, ಅರ್ಥಶಾಸ್ತ್ರ 30. ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಎರಡೂ ತೆಗೆದುಕೊಂಡವರು 20, ಕಂಪ್ಯೂಟರ್ ಮತ್ತು ಅರ್ಥಶಾಸ್ತ್ರ 14, ಸಂಖ್ಯಾಶಾಸ್ತ್ರ ಮತ್ತು ಅರ್ಥಶಾಸ್ತ್ರ 12. ಮೂರೂ ತೆಗೆದುಕೊಂಡವರು 6. ಒಂದೂ ಬೇಡ ಅಂದವರು ಎಷ್ಟು?

ಮಕ್ಕಳು ಮೊದಲು ಮಾಡುವುದು ಒಂದೇ ಕೆಲಸ. ನಡುವೆ 6 ಬರೆದು, ಅದರ ಸುತ್ತಲಿನ ಮೂರು ಮನೆಗಳಲ್ಲಿ 20, 14, 12 ಅಂತ ಹಾಗೇ ತುಂಬಿಬಿಡುತ್ತಾರೆ. ಆಮೇಲೆ ಅರ್ಥಶಾಸ್ತ್ರ ಮಾತ್ರ ತೆಗೆದುಕೊಂಡವರನ್ನು ಹುಡುಕುತ್ತಾರೆ: 30ರಲ್ಲಿ 6, 14, 12 ಕಳೆಯಬೇಕು.

‘ಅಕ್ಕಾ, ಮೈನಸ್ ಎರಡು ಬಂತಲ್ಲಾ!’ ಅಂದಳು ಒಬ್ಬ ಹುಡುಗಿ.

‘ಆ 14 ಮಂದಿಯಲ್ಲಿ ಮೂರೂ ತೆಗೆದುಕೊಂಡವರು ಇದ್ದಾರೋ ಇಲ್ವೋ, ಹೇಳು ತಂಗಿ’ ಅಂತ ಕೇಳಿದೆ.

ಇದ್ದೇ ಇದ್ದಾರೆ. ಮೂರೂ ಓದುವವನು ಕಂಪ್ಯೂಟರ್ ಮತ್ತು ಅರ್ಥಶಾಸ್ತ್ರವನ್ನೂ ಓದುತ್ತಾನೆ ಅಲ್ವಾ? ಲೆಕ್ಕದಲ್ಲಿ ‘ಮಾತ್ರ’ ಅಂತ ಇಲ್ಲದಿದ್ದರೆ ಆ 14 ಎರಡು ಮನೆಗಳಿಗೆ ಸೇರಿದ ಸಂಖ್ಯೆ.

ಇದು ಕಣ್ಣಿಗೆ ಕಾಣಲಿ ಅಂತ ಜಗಲಿಯ ಮೇಲೆ ತೆಂಗಿನ ನಾರಿನ ಹಗ್ಗದಿಂದ ಮೂರು ಸುತ್ತು ಹಾಕಿ, ಅಡಿಕೆ ಇಡಿಸುತ್ತೇನೆ. ಮೊದಲು ನಟ್ಟನಡುವೆ ಆರು ಅಡಿಕೆ. ಸಂಖ್ಯಾಶಾಸ್ತ್ರದ ಸುತ್ತು ಕಂಪ್ಯೂಟರ್ ಸುತ್ತಿನ ಮೇಲೆ ಬಿದ್ದ ಜಾಗದಲ್ಲಿ ಒಟ್ಟು 20 ಬೇಕು. ಆರು ಅಲ್ಲೇ ಇವೆ, ಇನ್ನು ಹದಿನಾಲ್ಕು ಇಟ್ಟರೆ ಸಾಕು. ಅಡಿಕೆ ಎಣಿಸಿ ಇಡುವಾಗ ಆ ಆರನ್ನು ಯಾರೂ ಎರಡನೇ ಸಲ ಇಡುವುದಿಲ್ಲ. ಹೀಗೇ ಉಳಿದ ಎರಡು ಮನೆಗೆ 8 ಮತ್ತು 6 ಬರುತ್ತದೆ.

ಈಗ ಹೊರಗಿನ ಮನೆಗಳು. ಸಂಖ್ಯಾಶಾಸ್ತ್ರ ಮಾತ್ರ: 40ರಲ್ಲಿ 6, 14, 6 ಕಳೆದರೆ 14. ಕಂಪ್ಯೂಟರ್ ಮಾತ್ರ 17, ಅರ್ಥಶಾಸ್ತ್ರ ಮಾತ್ರ 10. ಏಳೂ ಮನೆ ಕೂಡಿದರೆ 75. ಒಂದೂ ತೆಗೆದುಕೊಳ್ಳದವರು 5.

ಮೈನಸ್ ಬಂದರೆ ಎಲ್ಲೋ ತಪ್ಪಿದೆ ಅಂತ ತಿಳಿಯುತ್ತದೆ. ಆದರೆ ತಪ್ಪಿದಾಗಲೆಲ್ಲ ಮೈನಸ್ ಬರುವುದಿಲ್ಲ. ಅರ್ಥಶಾಸ್ತ್ರ 30ರ ಬದಲು 34 ಇದ್ದಿದ್ದರೆ ಅದೇ ತಪ್ಪು ದಾರಿಯಲ್ಲಿ 2 ಬರುತ್ತಿತ್ತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅದಕ್ಕೇ ಕೊನೆಗೆ ಒಮ್ಮೆ ಹಿಂದಕ್ಕೆ ಓದಿಸುತ್ತೇನೆ: 14 ಮತ್ತು 6 ಕೂಡಿದರೆ 20 ಆಯ್ತಾ? 8 ಮತ್ತು 6 ಕೂಡಿದರೆ 14 ಆಯ್ತಾ? ಲೆಕ್ಕದಲ್ಲಿ ಕೊಟ್ಟ ಪ್ರತಿ ಸಂಖ್ಯೆಯೂ ಚಿತ್ರದಲ್ಲಿ ಸಿಗಬೇಕು.

ಮನೆಗಳು ತುಂಬಿದ ಮೇಲೆ ‘ಸರಿಯಾಗಿ ಎರಡು ವಿಷಯ’ ಅಂದರೆ 14, 8, 6 ಕೂಡಿ 28. ‘ಕನಿಷ್ಠ ಎರಡು’ ಅಂದರೆ ನಡುವಿನ 6 ಕೂಡ ಸೇರಿ 34. ಸೂತ್ರ ಬಾಯಿಪಾಠ ಮಾಡಿದವರಿಗೆ 75 ಬೇಗ ಸಿಗುತ್ತದೆ, ನಿಜ. ಆದರೆ ಪ್ರಶ್ನೆ ಬರುವುದು ಹೆಚ್ಚಾಗಿ ಒಳಗಿನ ಮನೆಗಳ ಮೇಲೆ. ಅದಕ್ಕೇ ನಾನು ಚಿತ್ರವನ್ನು ಮೊದಲು ಬರೆಸುತ್ತೇನೆ.

ನಡುವಿನ ಸಂಖ್ಯೆಯನ್ನೇ ಕೊಡದಿದ್ದರೆ? ಆಗಲೂ ನಡುವಿನಿಂದಲೇ ಶುರು, ಅಲ್ಲಿ x ಬರೆಯಬೇಕು ಅಷ್ಟೇ. ಸುತ್ತಲಿನ ಮೂರು ಮನೆಗಳಲ್ಲಿ 20 − x, 14 − x, 12 − x. ಹೊರಗಿನ ಮನೆಗಳಲ್ಲಿ 8 + x, 11 + x, 4 + x. ಇಲ್ಲಿ ಕೂಡಿಸುವ ಚಿಹ್ನೆ ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. 40ರಲ್ಲಿ 20 ಮತ್ತು 12 ಕಳೆದಾಗ ನಡುವಿನವರು ಎರಡು ಸಲ ಹೋಗಿಬಿಟ್ಟರು, ಒಂದು ಸಲ ವಾಪಸ್ ಸೇರಿಸಬೇಕು. ಏಳೂ ಮನೆ ಕೂಡಿದರೆ ಉಳಿದ x ಎಲ್ಲ ವಜಾ ಆಗಿ 69 + x ಉಳಿಯುತ್ತದೆ. ಒಂದೂ ಓದದವರು 5 ಅಂತ ಕೊಟ್ಟಿದ್ದರೆ 69 + x = 75, ಅಂದರೆ x = 6.

ಆ 5 ಕೂಡ ಕೊಡದಿದ್ದರೆ x ಒಂದೇ ಉತ್ತರಕ್ಕೆ ನಿಲ್ಲುವುದಿಲ್ಲ. ಆಗ ‘ಗರಿಷ್ಠ ಎಷ್ಟು’ ಅಂತ ಕೇಳಬಹುದು. ಯಾವ ಮನೆಯೂ ಮೈನಸ್ ಆಗಬಾರದು, ಹಾಗಾಗಿ 12 − x ನೋಡಿದರೆ x 12ರ ತನಕ ಹೋಗಬಹುದು. ಹೆಚ್ಚಿನವರು ಅಲ್ಲೇ ನಿಲ್ಲಿಸಿ 12 ಅನ್ನುತ್ತಾರೆ. ಆದರೆ ಎಂಟನೆಯ ಮನೆಯನ್ನೂ ನೋಡಬೇಕು: 69 + x ಒಟ್ಟು 80 ದಾಟುವ ಹಾಗಿಲ್ಲ. ಹಾಗಾಗಿ ಗರಿಷ್ಠ 11.