ಹೆಸರು ಸೇರಿದ್ದು ಮದುವೆಯಾದ ಮೇಲೋ, ಸಾವಿನ ಮೇಲೋ? ಒಂದು ನಾಯಕ ಕುಟುಂಬದ ಪಾಲು ದಾವೆ

ಚಳ್ಳಕೆರೆ ಕಡೆಯ ಒಂದು ನಾಯಕ ಕುಟುಂಬದ ಹಿರಿಯ ಮಗಳಿಗೆ ಈ ವರ್ಷದ ಆರಂಭದಲ್ಲಿ ಪ್ರಾಥಮಿಕ ಡಿಕ್ರಿ ಸಿಕ್ಕಿತು. ಸುಮಾರು ಹದಿನಾಲ್ಕು ಎಕರೆ ಪಿತ್ರಾರ್ಜಿತ ಖುಷ್ಕಿ ಜಮೀನಿನಲ್ಲಿ ಆಕೆಗೂ ಆಕೆಯ ತಂಗಿಗೂ ಇಬ್ಬರು ತಮ್ಮಂದಿರಷ್ಟೇ ಪಾಲು. ಈ ದಾವೆ ನಿಲ್ಲುವುದಿಲ್ಲ ಎಂದು ನಮ್ಮ ವಕೀಲರ ಸಂಘದ ಮೂವರು ಹಿರಿಯರು ನನಗೆ ಹೇಳಿದ್ದರು. ಹೇಗೆ ನಿಂತಿತು ಎಂದು ಈಗಲೂ ಕೇಳುವವರಿದ್ದಾರೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಎಡವಿದವನು ನಾನೇ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದ ವಿನೀತಾ ಶರ್ಮಾ ತೀರ್ಪು 2020ರಲ್ಲಿ ಬಂದ ಹುರುಪಿನಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನ ಮೇಲೆ ದಾವೆ ಹೂಡಿದೆ. ತಮ್ಮಂದಿರ ಪರ ವಕೀಲರು ಕುಟುಂಬ ಪರಿಶಿಷ್ಟ ಪಂಗಡದ್ದು ಎಂಬ ಜಾತಿ ಪ್ರಮಾಣಪತ್ರ ಹಾಜರುಪಡಿಸಿ 2(2)ನೇ ಕಲಮನ್ನು ಓದಿದರು. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನಾಯಕರ ಪಾಲು ದಾವೆಗಳು ಈ ಕಾಯ್ದೆಯಡಿಯೇ ನಡೆಯುವುದನ್ನು ಕಂಡಿದ್ದೆ. ಎದುರಾಳಿ ಆಕ್ಷೇಪಿಸದಿದ್ದರೆ ಅದು ನಡೆಯುತ್ತದೆ, ಆಕ್ಷೇಪಿಸಿದ ದಿನ ನಿಲ್ಲುತ್ತದೆ. 2022ರ ಡಿಸೆಂಬರ್‌ನಲ್ಲಿ ಕಮಲಾ ನೇತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಪಂಗಡದವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದೇ ಹೇಳಿತು. ಹೊಸದಾಗಿ ಹೂಡಲು ಅನುಮತಿ ಪಡೆದು ದಾವೆಯನ್ನು ವಾಪಸ್ ತೆಗೆದುಕೊಂಡೆ. ಅಷ್ಟರಲ್ಲಿ ಆ ಹೆಣ್ಣುಮಗಳ ಅರವತ್ತು ಸಾವಿರದಷ್ಟು ಹಣ ಹೋಗಿತ್ತು. ನನ್ನ ಶುಲ್ಕದ ಭಾಗವನ್ನು ಹಿಂತಿರುಗಿಸಿದೆ. ಉಳಿದದ್ದು ಹೋದಂತೆಯೇ.

ಕಾಯ್ದೆ ಇಲ್ಲ ಎಂದರೆ ಉಳಿಯುವುದು ರೂಢಿ. ಆದರೆ ನಾಯಕರಂತಹ ಸಮುದಾಯದಲ್ಲಿ ಎದುರಾಳಿಗೆ ಇನ್ನೊಂದು ದಾರಿಯಿದೆ. ಇವರು ಹಿಂದೂ ಆಚಾರ ಅನುಸರಿಸುವವರು, ಆದ್ದರಿಂದ 1956ಕ್ಕೆ ಹಿಂದಿನ ಮಿತಾಕ್ಷರ ಪದ್ಧತಿಯೇ ಇವರ ರೂಢಿ, ಅದರಲ್ಲಿ ಗಂಡುಮಕ್ಕಳಿರುವಾಗ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂದು ವಾದಿಸಬಹುದು. ಹಾಗಾಗಿ "ಹೆಣ್ಣುಮಕ್ಕಳನ್ನು ಹೊರಗಿಡುವ ರೂಢಿಯನ್ನು ಅವರು ರುಜುವಾತುಪಡಿಸಿಲ್ಲ" ಎಂದು ಹೇಳಿ ಸುಮ್ಮನಿರಲು ನನಗೆ ಧೈರ್ಯವಾಗಲಿಲ್ಲ. ಕೊಡುವ ರೂಢಿ ಇದೆ ಎಂದು ನಾನೇ ತೋರಿಸಬೇಕಿತ್ತು.

ಎಲ್ಲರೂ ಮಾಡುವಂತೆ ಮೊದಲು ಹಿರಿಯರ ಬಳಿ ಹೋದೆ. ಕಟ್ಟೆಮನೆಯ ಯಜಮಾನರೊಬ್ಬರು ಜಗಲಿಯಲ್ಲಿ ಕುಳಿತು, ನಮ್ಮಲ್ಲಿ ಹೆಣ್ಣುಮಗಳಿಗೂ ಹೊಲ ಉಂಟು ಎಂದು ಖಂಡಿತವಾಗಿ ಹೇಳಿದರು. ಸಾಕ್ಷಿ ಕಟ್ಟೆಯಲ್ಲಿ ಪಾಟೀಸವಾಲಿಗೆ ಉತ್ತರಿಸುತ್ತ, "ಪ್ರೀತಿಯಿದ್ದರೆ ಕೊಡುತ್ತೇವೆ ಸ್ವಾಮಿ" ಎಂದುಬಿಟ್ಟರು. ಆ ಒಂದು ಮಾತಿನಿಂದ ಅವರ ಸಾಕ್ಷ್ಯ ಮುಗಿಯಿತು. ಪ್ರೀತಿಯಿಂದ ಕೊಡುವುದು ದಾನ. ಕೊಡಲೇಬೇಕೆಂದು ಕೊಡುವುದು ರೂಢಿ. ಅಂದಿನಿಂದ ನಾನು ಹಿರಿಯರ ಅಭಿಪ್ರಾಯ ಕೇಳುವುದನ್ನು ಬಿಟ್ಟಿದ್ದೇನೆ. ಇಂಥವರು ಸತ್ತಾಗ ಯಾವ ಹೊಲ ಯಾರಿಗೆ ಹೋಯಿತು ಎಂದಷ್ಟೇ ಕೇಳುತ್ತೇನೆ.

ಅದೃಷ್ಟಕ್ಕೆ ಅಷ್ಟರಲ್ಲಿ ನನ್ನ ಪಟ್ಟಿ ಸಿದ್ಧವಾಗಿತ್ತು. ಒಂದೇ ಬೆಡಗಿನ ನೆಂಟರಿರುವ ನಾಲ್ಕು ಊರುಗಳಲ್ಲಿ 1950ರ ದಶಕದಿಂದ ಈಚೆಗಿನ ಸಾವುಗಳನ್ನು ಹಿಡಿದು, ಪ್ರತಿ ಸಾವಿನ ನಂತರದ ಮ್ಯುಟೇಷನ್ ದಾಖಲೆಯನ್ನು ತಾಲ್ಲೂಕು ಅಭಿಲೇಖಾಲಯದಿಂದ ತೆಗೆಸಿದೆ. ವಂಶವೃಕ್ಷಗಳನ್ನು ನಂಬಲಿಲ್ಲ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ದೃಢೀಕೃತ ನಕಲು, ಓಡಾಟ, ಹಳೆಯ ಬರಹ ಓದಿಕೊಟ್ಟ ನಿವೃತ್ತ ಶಾನುಭೋಗರಿಗೆ ಕೊಟ್ಟದ್ದು ಸೇರಿ ಹದಿನೆಂಟು ಸಾವಿರದಷ್ಟಾಯಿತು, ಎಂಟು ತಿಂಗಳು ಹಿಡಿಯಿತು. ಸೂಚಿ ಕಳೆದುಹೋದ ಕಟ್ಟುಗಳಲ್ಲಿ ಬೇಕಾದ ಪುಟವನ್ನು ಹುಡುಕಿದ್ದು ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೂವತ್ತೊಂದು ಸಾವುಗಳು ಸಿಕ್ಕವು. ಗಂಡುಮಕ್ಕಳೇ ಇಲ್ಲದ ಹನ್ನೆರಡು ಮನೆಗಳನ್ನು ನಾನೇ ತೆಗೆದುಹಾಕಿದೆ. ಅಲ್ಲಿ ಮಗಳಿಗೆ, ಇಲ್ಲವೇ ಮನೆವಾಳ್ತನಕ್ಕೆ ಬಂದ ಅಳಿಯನಿಗೆ ಹೊಲ ಹೋಗಿರುವುದು ನಮಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಗಂಡು ಹೆಣ್ಣು ಇಬ್ಬರೂ ಇದ್ದ ಮನೆಗಳು ಹತ್ತೊಂಬತ್ತು. ಅವುಗಳಲ್ಲಿ ಹದಿನೈದರಲ್ಲಿ ಹೆಣ್ಣುಮಗಳಿಗೆ ಹೊಲ ಬಂದಿತ್ತು, ಹೆಚ್ಚಿನ ಕಡೆ "ಅರಿಶಿನ ಕುಂಕುಮದ ಬಾಬ್ತು" ಎಂದು ಬರೆದಿತ್ತು. ಎದುರಾಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕೊಡುವುದು ತವರಿನ ಉಡುಗೊರೆ, ಪಾಲಲ್ಲ ಎಂದು ವಾದಿಸಿದರು.

ಇಲ್ಲಿಯೇ ನನಗೆ ದಾರಿ ಸಿಕ್ಕಿದ್ದು. ಪಟ್ಟಿಗೆ ಎರಡು ಕಲಂ ಸೇರಿಸಿದೆ: ಮಗಳ ಮದುವೆಯಾದ ವರ್ಷ, ತಂದೆ ಸತ್ತ ವರ್ಷ. ಉಡುಗೊರೆಯಾಗಿದ್ದರೆ ಖಾತೆ ಮದುವೆಯಾದ ಬೆನ್ನಲ್ಲೇ ಬರಬೇಕು. ಹದಿನೈದರಲ್ಲಿ ನಾಲ್ಕು ಹಾಗೆ ಬಂದಿದ್ದವು, ಅವನ್ನು ಉಡುಗೊರೆ ಎಂದು ಒಪ್ಪಿಬಿಟ್ಟೆ. ಉಳಿದ ಹನ್ನೊಂದರಲ್ಲಿ ಮದುವೆಯಾಗಿ ಹತ್ತು ಇಪ್ಪತ್ತು ವರ್ಷವಾದರೂ ಮಗಳ ಹೆಸರಿಗೆ ಗುಂಟೆಯೂ ಇಲ್ಲ, ತಂದೆ ಸತ್ತ ಒಂದೆರಡು ವರ್ಷದಲ್ಲಿ ಅಣ್ಣತಮ್ಮಂದಿರ ಖಾತೆಯ ಜೊತೆಗೇ ಆಕೆಯ ಖಾತೆಯೂ ಆಗಿದೆ. ವಿಸ್ತೀರ್ಣವೂ ಹೆಚ್ಚುಕಡಿಮೆ ಅವರಷ್ಟೇ. ಬರೆದ ಹೆಸರು ಏನೇ ಇರಲಿ, ಸಾವಿನೊಂದಿಗೆ ಹುಟ್ಟುವ ಹಕ್ಕು ಉತ್ತರಾಧಿಕಾರ.

ಏನೂ ಸಿಗದ ನಾಲ್ಕು ಮನೆಗಳು ಉಳಿದವು. ಅವನ್ನು ಮುಚ್ಚಿಡು ಎಂದು ಕಿರಿಯ ಸಹೋದ್ಯೋಗಿ ಸಲಹೆ ಕೊಟ್ಟ. ನಾನು ಅವನ್ನೇ ಕೆದಕಿದೆ. ಮೂರರಲ್ಲಿ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡಿದ್ದರು, ಒಂದಕ್ಕೆ ನೋಂದಣಿಯೂ ಆಗಿತ್ತು. ಹಕ್ಕೇ ಇಲ್ಲದವಳಿಂದ ಬಿಡುಗಡೆ ಏಕೆ ಬರೆಸಿಕೊಳ್ಳಬೇಕು? ಹಳೆಯ ಸಾಕ್ಷ್ಯ ಕಾಯ್ದೆಯ 13ನೇ ಕಲಂ ಕೇಳುವುದೂ ಇದನ್ನೇ: ಹಕ್ಕನ್ನು ಮಂಡಿಸಿದ, ಒಪ್ಪಿದ, ಬಿಟ್ಟುಕೊಟ್ಟ ನಿರ್ದಿಷ್ಟ ಸಂದರ್ಭಗಳು. ನಮಗೆ ವಿರುದ್ಧವೆಂದುಕೊಂಡಿದ್ದ ಆ ಮೂರು ಪತ್ರಗಳೇ ಹನ್ನೊಂದು ಖಾತೆಗಳಿಗಿಂತ ಹೆಚ್ಚು ಕೆಲಸ ಮಾಡಿದವು ಎಂದು ನನ್ನ ನಂಬಿಕೆ. ಆ ಪತ್ರಗಳಲ್ಲೊಂದಕ್ಕೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದವರು ಪ್ರತಿವಾದಿಗಳ ದೊಡ್ಡಪ್ಪ. ಅವರನ್ನು ಯಾವ ಕ್ರಮದಲ್ಲಿ ಪ್ರಶ್ನಿಸಿದೆ ಎಂಬುದನ್ನು ಮೇಲ್ಮನವಿ ಮುಗಿದ ಮೇಲೆ ಹೇಳುತ್ತೇನೆ.

ವಿಚಾರಣೆ ನಡೆಯುತ್ತಿರುವಾಗ 2025ರ ಜುಲೈನಲ್ಲಿ ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ, ರಾಮ್ ಚರಣ್ ವಿರುದ್ಧ ಸುಖರಾಮ್, ಹೆಣ್ಣುಮಗಳ ವಾರಸುದಾರರಿಗೆ ಸುಪ್ರೀಂ ಕೋರ್ಟಿನಲ್ಲಿ ಸಮಪಾಲು ಸಿಕ್ಕಿತು. ಗೆಳೆಯರು ಇನ್ನೇನು ಗೆದ್ದೆ ಎಂದರು. ಆದರೆ ಆ ತೀರ್ಪು ಸಂವಿಧಾನದ 14ನೇ ವಿಧಿಯ ಜೊತೆಗೆ 1875ರ ಸೆಂಟ್ರಲ್ ಪ್ರಾವಿನ್ಸಸ್ ಕಾಯ್ದೆಯ ಮೇಲೂ ನಿಂತಿದೆ, ಹಳೆಯ ಮೈಸೂರಿಗೆ ಆ ಕಾಯ್ದೆ ಬರುವುದಿಲ್ಲ. ಅಕ್ಟೋಬರ್‌ನಲ್ಲಿ ಹಿಮಾಚಲದ ಪ್ರಕರಣದಲ್ಲಿ, ಪಂಗಡಗಳ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸಬೇಕೆಂದಿದ್ದ ಹೈಕೋರ್ಟ್ ನಿರ್ದೇಶನವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಎದುರಾಳಿ ಅದನ್ನು ಓದಿದಾಗ ನಾನು ಎದ್ದು ನಿಂತು, ನನ್ನ ದಾವಾಪತ್ರದಲ್ಲಿ ಆ ಕಾಯ್ದೆಯ ಹೆಸರೇ ಇಲ್ಲ ಎಂದೆ.

ಇದೇ ವಿಧಾನವನ್ನು ಬಳ್ಳಾರಿ ಕಡೆಯ ಇನ್ನೊಂದು ಕುಟುಂಬಕ್ಕೂ ಪ್ರಯತ್ನಿಸಿದೆ. ಅಲ್ಲಿ ಇಪ್ಪತ್ತು ಸಾವುಗಳ ಪಟ್ಟಿಯಲ್ಲಿ ಅಣ್ಣತಮ್ಮಂದಿರಿರುವ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ, ಬಿಡುಗಡೆ ಪತ್ರವೂ ಇರಲಿಲ್ಲ. ದಾವೆ ಹೂಡಬೇಡಿ ಎಂದು ಹೇಳಿ, ಅಣ್ಣನನ್ನು ಕೂರಿಸಿ ಒಂದೂವರೆ ಎಕರೆಗೆ ರಾಜಿ ಮಾಡಿಸಿದೆ. ಒಂದೇ ಹೆಸರಿನ ಪಂಗಡವಾದರೂ ಊರಿನಿಂದ ಊರಿಗೆ, ಬೆಡಗಿನಿಂದ ಬೆಡಗಿಗೆ ರೂಢಿ ಬೇರೆಯಾಗಬಹುದು. ಚಳ್ಳಕೆರೆಯ ಪಟ್ಟಿಯನ್ನು ಕೇಳಿ ಪಡೆದು ತಮ್ಮ ದಾವೆಗೆ ಅಂಟಿಸಲು ಹೊರಟ ಇಬ್ಬರಿಗೆ ನಾನು ಕೊಡಲಿಲ್ಲ.

ತಮ್ಮಂದಿರು ಮೇಲ್ಮನವಿ ಹಾಕಿದ್ದಾರೆ. ಅಳತೆಗೆ ಕಮಿಷನರ್ ನೇಮಕವಾಗಬೇಕು, ಬಾವಿಯಿರುವ ಎರಡು ಎಕರೆ ಯಾರ ಪಾಲಿಗೆ ಎಂಬ ಜಗಳ ಆಗಲೇ ಶುರುವಾಗಿದೆ.